ಹೊಸ್ತಿಲಿನ ಈಚೆ

ಕಿರಿಯ ಓದುಗರೆ, ಈ ವಾರ ನಿಮಗೊಂದು ಕಥೆ. ಇದರ ಮನೆಯವರು ಕಲ್ಪನೆಯ ಜನ. ಬೆಟ್ಟ, ಗುಡಿ, ಆಚಾರಗಳು ಮಾತ್ರ ಕಲ್ಪನೆಯಲ್ಲ.

1983ರ ಕಾರ್ತಿಕ ಮಾಸ. ದೋಣಿಮಲೈ ಕಬ್ಬಿಣದ ಗಣಿಯ ನೌಕರರ ಕ್ವಾರ್ಟರ್ಸ್‌ನಲ್ಲಿ ಒಂದು ಮನೆ. ಮೂರು ವರ್ಷದ ಗಂಡುಮಗುವಿಗೆ ಜವಳ ತೆಗೆಸುವ ಸಂಭ್ರಮ. ಹಿಂದಿನ ವರ್ಷ ಮಗುವಿಗೆ ವಿಷಮಜ್ವರ ಬಂದಾಗ ಅಜ್ಜಿ ಸೊಂಡೂರಿನ ಕುಮಾರಸ್ವಾಮಿಗೆ ಮುಡಿಯನ್ನೂ ಹಾಲಿನ ಅಭಿಷೇಕವನ್ನೂ ಹರಕೆ ಹೊತ್ತಿದ್ದಳು. ಹಾಲಿನ ತಂಬಿಗೆಯನ್ನು ಹೊತ್ತು ಗುಡಿಯವರೆಗೆ ನಡೆಯಬೇಕಾದವಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅಕ್ಕ.

ಹುಡುಗಿ ಹಟಮಾರಿಯಲ್ಲ. ಆದರೆ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಹೊಕ್ಕಿತ್ತು. ಆ ಬೆಟ್ಟದ ಗುಡಿಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲವೆಂಬುದು ಹಳೆಯ ಸಂಪ್ರದಾಯ. ಅದಕ್ಕೆ ಜನ ಹೇಳುವ ಕಾರಣ ಹೀಗೆ: ಕುಮಾರನಿಗೂ ತಾಯಿ ಪಾರ್ವತಿಗೂ ವಿರಸ ಬಂದಿತು, ತಾನು ಕುಡಿದ ತಾಯಿಯ ಹಾಲನ್ನೆಲ್ಲ ಅವನು ಕಕ್ಕಿ, ಸಂಬಂಧ ಹರಿದುಕೊಂಡು ಈ ಬೆಟ್ಟಕ್ಕೆ ಬಂದು ನಿಂತನು, ಇನ್ನು ಹೆಣ್ಣಿನ ಮುಖ ನೋಡೆನೆಂದನು. ಆ ಹಾಲೇ ಇಲ್ಲಿ ಸಿಗುವ ಬಿಳಿಯ ವಿಭೂತಿಯಾಯಿತಂತೆ.

“ಹಾಲನ್ನು ಕಕ್ಕಿದ ದೇವರಿಗೆ ನಾವೇಕೆ ಹಾಲನ್ನು ಒಯ್ಯುತ್ತೇವೆ?” ಎಂದು ಅವಳು ತಾಯಿಯನ್ನು ಕೇಳಿದಳು. ತಾಯಿ ಒಲೆಯ ಮುಂದಿನಿಂದ ತಿರುಗಿ ನೋಡದೆ, “ಅಜ್ಜಿಯ ಕಿವಿಗೆ ಬೀಳದ ಹಾಗೆ ಮಾತಾಡು” ಎಂದಳು. ತಂದೆಯನ್ನು ಕೇಳಿದಾಗ ಅವನು ನಕ್ಕುಬಿಟ್ಟನು. ದೊಡ್ಡವರ ನಗು ಅನೇಕ ವೇಳೆ ಉತ್ತರ ತಿಳಿಯದುದರ ಗುರುತು.

ಬೆಟ್ಟದ ಮೇಲೆ ಮರದ ನೆರಳಿನಲ್ಲಿ ಸೋದರಮಾವನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡನು. ಕೂದಲು ತೆಗೆದು, ಸ್ನಾನ ಮಾಡಿಸಿ, ನುಣ್ಣನೆಯ ತಲೆಗೆ ಗಂಧ ಹಚ್ಚಿದರು. ಅಲ್ಲಿಯವರೆಗೆ ಮಗು ತಾಯಿಯ ಸೆರಗನ್ನು ಬಿಟ್ಟಿರಲಿಲ್ಲ. ಹೊಸ್ತಿಲು ಬಂದಿತು. ಮಾವನು ಮಗುವನ್ನು ಎತ್ತಿಕೊಂಡನು, ತಂದೆ ತಂಬಿಗೆಗೆ ಕೈಯೊಡ್ಡಿದನು. ಹುಡುಗಿ ತಂಬಿಗೆಯನ್ನು ಕೂಡಲೆ ಕೊಡಲಿಲ್ಲ. ಅಜ್ಜಿ ಅವಳ ಮುಖವನ್ನೇ ನೋಡಿದಳು. ಕಡೆಗೆ ಹುಡುಗಿ ಕೊಟ್ಟಳು. ಗಂಡಸರು ಒಳಗೆ ಹೋದರು. ಒಳಗಿನಿಂದ ಘಂಟೆಯ ಸದ್ದಿನ ಜೊತೆಗೆ “ಅವ್ವಾ, ಅವ್ವಾ” ಎಂಬ ಅಳು ಕೇಳುತ್ತಿತ್ತು. ತಾಯಿ ಹೊರಗೆ ಕೈಮುಗಿದು ನಿಂತೇ ಇದ್ದಳು.

ಹೆಂಗಸರು ಹತ್ತಿರದ ಪಾರ್ವತಿಯ ಗುಡಿಯ ಬಳಿ ಕುಳಿತರು. ಅದು ಬಾದಾಮಿಯ ಚಾಲುಕ್ಯರ ಕಾಲದ್ದು, ಬಹು ಹಳೆಯದು. ತಾಯಿಮಗ ಅಕ್ಕಪಕ್ಕದಲ್ಲಿ, ನಡುವೆ ಆ ಕಟ್ಟಳೆ.

“ನೀನು ಒಳಗಿನ ದೇವರನ್ನು ನೋಡಿದ್ದೀಯಾ ಅಜ್ಜಿ?” ಎಂದು ಹುಡುಗಿ ಕೇಳಿದಳು.

“ಇಲ್ಲ ಮಗಳೆ. ಮದುವೆಯಾಗಿ ಬಂದು ಐವತ್ತು ವರ್ಷ ಮೀರಿತು. ಐವತ್ತು ಹರಕೆ ಹೊತ್ತಿರಬೇಕು. ನೋಡಿಲ್ಲ.”

“ಬೇಸರವಾಗಲಿಲ್ಲವೆ?”

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ನಾನು ಹೊಸ ಸೊಸೆಯಾಗಿದ್ದಾಗ, ನಮ್ಮ ರಾಜರು ಈ ಗುಡಿಗೆ ಹೊಲೆಯರು ಮಾದಿಗರು ಎನಿಸಿದವರೂ ಬರಬಹುದೆಂದು ಅಪ್ಪಣೆ ಮಾಡಿದರು. ನಿನ್ನ ಮುತ್ತಜ್ಜ ಅನ್ನ ಬಿಟ್ಟು ಮಲಗಿದರು. ದೇವರು ಬೆಟ್ಟ ಬಿಟ್ಟು ಹೋಗುತ್ತಾನೆಂದರು. ಮುಂದಿನ ಕಾರ್ತಿಕಕ್ಕೆ ಅವರೇ ಬುತ್ತಿ ಕಟ್ಟಿಸಿಕೊಂಡು ಬೆಟ್ಟ ಹತ್ತಿದರು.”

“ದೇವರು ಹೋಗಿರಲಿಲ್ಲವೆ?”

“ಇದ್ದನಂತೆ. ನಾನೆಲ್ಲಿ ನೋಡಲಿ?” ಎಂದು ಅಜ್ಜಿ ನಕ್ಕಳು.

“ಮುಂದಿನ ಸಲ ನಾನು ತಂಬಿಗೆ ಹೊರುವುದಿಲ್ಲ ಅಜ್ಜಿ.”

ಅಜ್ಜಿಯ ನಗು ನಿಂತಿತು. “ನಾನು ಹೊರುತ್ತೇನೆ” ಎಂದಳು. ಅಷ್ಟರಲ್ಲಿ ಮಾವನು ಮಗುವನ್ನು ಹೊರಗೆ ತಂದನು. ಅದು ಅತ್ತು ಅತ್ತು ಬಿಕ್ಕುತ್ತಿತ್ತು. ಅಜ್ಜಿ ಅದರ ಹಣೆಗೆ ವಿಭೂತಿ ಇಟ್ಟಳು. ಹುಡುಗಿಯ ಹಣೆಯತ್ತ ಬಂದ ಕೈ ಒಂದು ಕ್ಷಣ ತಡೆಯಿತು. ಹುಡುಗಿಯೇ ತಲೆ ಬಾಗಿದಳು.

ಅಜ್ಜಿ ಹೇಳಿದ ಅಪ್ಪಣೆ ಚರಿತ್ರೆಯ ಸಂಗತಿ. 1932ರಲ್ಲಿ ಸೊಂಡೂರಿನ ದೊರೆ ಯಶವಂತರಾವ್ ಘೋರ್ಪಡೆಯವರು ಅದನ್ನು ಹೊರಡಿಸಿದರು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶದ ಘೋಷಣೆ ಬಂದದ್ದು 1936ರಲ್ಲಿ. ಗಾಂಧೀಜಿಯವರು 1934ರಲ್ಲಿ ಸೊಂಡೂರಿಗೆ ಬಂದಿದ್ದರು. ಆದರೆ ಆ ಅಪ್ಪಣೆಯ ಬಳಿಕವೂ ಹೆಂಗಸರ ಪಾಲಿಗೆ ಹೊಸ್ತಿಲು ಹೊಸ್ತಿಲಾಗಿಯೇ ಉಳಿಯಿತು.

ಈಗ ನಿಮ್ಮ ಸರದಿ. ಉತ್ತರವನ್ನು ಮನೆಯವರೊಡನೆ ಕುಳಿತು ಹುಡುಕಿರಿ, ಬರೆದಿಡಬೇಕಾಗಿಲ್ಲ.

ಹುಡುಗಿಯ ಸಂಶಯ ದೇವರ ಮೇಲೆಯೊ, ಕಥೆಯ ಮೇಲೆಯೊ, ಕಟ್ಟಳೆಯ ಮೇಲೆಯೊ? ಈ ಮೂರನ್ನೂ ಬೇರೆ ಬೇರೆ ಇರಿಸಲು ಸಾಧ್ಯವೆ?

ತಂಬಿಗೆ ಹೊರಲೊಲ್ಲದವಳು ವಿಭೂತಿಗೆ ತಲೆ ಬಾಗಿದಳಲ್ಲ, ಅದು ಸೋಲೆ? ಅಥವಾ ಅಜ್ಜಿಗೆ ತೋರಿದ ಪ್ರೀತಿಯೆ? ಮನಸ್ಸೊಪ್ಪದೆ ಮಾಡಿದ ನಮಸ್ಕಾರವನ್ನು ನೀವು ಸುಳ್ಳೆನ್ನುವಿರಾ?

ಮುತ್ತಜ್ಜ ಒಂದು ವರ್ಷದೊಳಗೆ ಮನಸ್ಸನ್ನು ಬದಲಿಸಿದ್ದಕ್ಕೆ ಕಾರಣ ರಾಜಾಜ್ಞೆಯೊ, ಅಭ್ಯಾಸವೊ, ದೇವರು ಹೋಗಲಿಲ್ಲವೆಂಬ ಸಮಾಧಾನವೊ?

ತಾಯಿ ಕಥೆಯುದ್ದಕ್ಕೂ ಒಂದೇ ಮಾತನಾಡಿದ್ದಾಳೆ. ಹೊಸ್ತಿಲಿನ ಈಚೆ ನಿಂತು ಮಗುವಿನ ಅಳುವನ್ನು ಕೇಳುತ್ತಿದ್ದಾಗ ಅವಳು ಏನೆಂದುಕೊಂಡಿರಬಹುದು? ಇದನ್ನು ನಿಮ್ಮ ತಾಯಿಯನ್ನೇ ಕೇಳಿ ನೋಡಿರಿ.