366ರಿಂದ ಭಾಗಿಸಿದ್ದಕ್ಕೆ ಬಂದ ತಕರಾರುಗಳು

ಇಚಲಕರಂಜಿಯ ಒಂದು ಸೈಜಿಂಗ್‌ನಲ್ಲಿ ನಾನು ಲೆಕ್ಕ ಬರೆಯುವವ. ಅಲ್ಲಿ ಗುಮಾಸ್ತನಾಗಿದ್ದ ಗಡಹಿಂಗ್ಲಜದ ಹುಡುಗ 2024ರ ಫೆಬ್ರವರಿ 29ರ ಸಂಜೆ ಕೆಲಸ ಬಿಟ್ಟ. ಮರುದಿನವೇ ಅದೇ ಪಗಾರಕ್ಕೆ ಇನ್ನೊಬ್ಬ ಬಂದು ಕೂತ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 2,16,000 ರೂಪಾಯಿ, ನಡುವೆ ಬಿಟ್ಟರೆ ದಿನದ ಲೆಕ್ಕದಲ್ಲಿ ಚುಕ್ತಾ ಎಂಬುದು ಕರಾರು. ನಾನು 366ರಿಂದ ಭಾಗಿಸಿ ದಿನಕ್ಕೆ 590.16 ಹಿಡಿದೆ. 365 ಹಿಡಿದಿದ್ದರೆ 591.78 ಆಗುತ್ತಿತ್ತು. ಈ 1 ರೂಪಾಯಿ 62 ಪೈಸೆಗೆ ಇಷ್ಟು ತಕರಾರು ಬಂದೀತು ಅಂದುಕೊಂಡಿರಲಿಲ್ಲ. ಮಗ್ಗ ಓಡಿಸುವವರಿಗೆ ನೇಯ್ದಷ್ಟಕ್ಕೆ ಕೂಲಿ, ಅವರಿಗೆ ಈ ಜಗಳವೇ ಇಲ್ಲ. ಇದು ನಮ್ಮಂಥ ಪಗಾರದವರ ಜಗಳ.

ಹುಡುಗನ ಪರ ಬಂದ ಅಣ್ಣಾವ್ರು ಹೇಳಿದ್ದು, "ವರ್ಷ ಅಂದರೆ 365. ಒಂದು ದಿನ ಸೇರಿಸಿ ಬಡವನ ಪಗಾರ ಕತ್ತರಿಸಿದ್ರಿ." ಅಣ್ಣಾ, ಇಬ್ಬರದ್ದನ್ನೂ ಕೂಡಿಸಿ ನೋಡಿ. ಏಪ್ರಿಲ್ 1ರಿಂದ ಫೆಬ್ರವರಿ 29ರವರೆಗೆ 335 ದಿನ, ಮಾರ್ಚ್‌ನಲ್ಲಿ 31. ನನ್ನ ಲೆಕ್ಕದಲ್ಲಿ ಹುಡುಗನಿಗೆ 1,97,704.92, ಹೊಸಬನಿಗೆ 18,295.08. ಎರಡೂ ಸೇರಿ ಸರಿಯಾಗಿ 2,16,000. ನಿಮ್ಮ ಲೆಕ್ಕದಲ್ಲಿ ಹುಡುಗನಿಗೆ 1,98,246.58 ಬರುತ್ತದೆ, ಅಂದರೆ 541 ರೂಪಾಯಿ 66 ಪೈಸೆ ಹೆಚ್ಚು. ಆದರೆ ಇಬ್ಬರದ್ದು ಕೂಡಿಸಿದರೆ 2,16,591ರ ಮೇಲೆ ಹೋಗುತ್ತದೆ. ಒಂದೇ ಕುರ್ಚಿ, ಒಂದೇ ಪಗಾರ, ನಡುವೆ ಒಬ್ಬ ಎದ್ದು ಇನ್ನೊಬ್ಬ ಕೂತದ್ದಕ್ಕೆ ಒಂದು ದಿನದ ದುಡ್ಡು ಹೆಚ್ಚಾಯಿತು. ಅದು ಎಲ್ಲಿಂದ ಬಂತು?

366 ಯಾವಾಗಲೂ ಕೆಲಸಗಾರನಿಗೆ ನಷ್ಟವೇ ಅನ್ನುವುದೂ ತಪ್ಪು. ಅದೇ ಹುಡುಗ ಆ ವರ್ಷ 10 ದಿನ ಬಿನ್‌ಪಗಾರಿ ರಜೆ ಹಾಕಿದ್ದ ಅನ್ನಿ. 365ರ ಲೆಕ್ಕದಲ್ಲಿ 5,917.81 ಕಡಿತ, 366ರಲ್ಲಿ 5,901.64. ಇಲ್ಲಿ ಉಳಿತಾಯ ಅವನಿಗೇ. ನೀವು ಕಣ್ಣಿಡಬೇಕಾದದ್ದು ಇನ್ನೊಂದು ಕಡೆ: ಪಗಾರ ಕೊಡುವಾಗ 366 ಹಿಡಿದು ಖಾಡಾ ಕತ್ತರಿಸುವಾಗ 365 ಹಿಡಿಯುವ ಚಾಲಾಕಿ ಮೇಲೆ. ಒಬ್ಬನ ಲೆಕ್ಕಕ್ಕೆ ವರ್ಷಪೂರ್ತಿ ಒಂದೇ ಭಾಜಕ ಇರಬೇಕು.

"ಹಾಗಾದರೆ ಫೆಬ್ರವರಿ 29ಕ್ಕೆ ಪುಕ್ಕಟೆ ದುಡಿದ ಹಾಗಾಯಿತಲ್ಲ" ಅಂದವರೂ ಉಂಟು. ಈ ಮಾತಿನಲ್ಲಿ ತೂಕ ಇದೆ, ಅದಕ್ಕೇ ಹಳೆಯ ಕ್ಯಾಲೆಂಡರ್ ತೆಗೆದು ಕೂತೆ. 2023ರ ಏಪ್ರಿಲ್ 1 ಶನಿವಾರ, 2024ರ ಮಾರ್ಚ್ 31 ರವಿವಾರ. ಆ 366 ದಿನಗಳಲ್ಲಿ ರವಿವಾರ 53. ಅವನ್ನು ಕಳೆದರೆ ಉಳಿದದ್ದು 313. ಹಿಂದಿನ 2022-23ರಲ್ಲಿ 365 ದಿನ, ರವಿವಾರ 52, ಉಳಿದದ್ದು ಅದೇ 313. ಹೆಚ್ಚಿನ ದಿನವನ್ನು ಹೆಚ್ಚಿನ ರವಿವಾರ ನುಂಗಿ ಹಾಕಿದೆ! ಆದರೆ ಇದು ಪ್ರತಿ ಸಲ ನಡೆಯುವುದಿಲ್ಲ. 2027-28ರಲ್ಲಿ ರವಿವಾರ 52ಕ್ಕೇ ನಿಲ್ಲುತ್ತವೆ, 314 ದಿನ ದುಡಿಯಬೇಕು. ಆಗ ಒಂದು ದಿನದ ಪಗಾರ ಹೆಚ್ಚು ಕೇಳುವುದಿದ್ದರೆ ಕೇಳಿ, ನಾನೂ ಜೊತೆಗಿರುತ್ತೇನೆ. ಆದರೆ ಕರಾರು ಬರೆಯುವಾಗಲೇ ಕೇಳಬೇಕು, ಚುಕ್ತಾ ಮಾಡುವಾಗ ಭಾಜಕ ಬದಲಿಸಿ ಅಲ್ಲ. (2023ರಲ್ಲಿ ಅಧಿಕ ಶ್ರಾವಣವೂ ಬಂದಿತ್ತು. ನಮ್ಮ ಕಡೆ ಅಳಿಯಂದಿರಿಗೆ ಉಡುಗೊರೆ ಸಿಕ್ಕಿತೇ ಹೊರತು ಯಾರೂ ಆ ತಿಂಗಳಿನ ಪಗಾರ ಕೇಳಲಿಲ್ಲ.)

ಮಾಲಕರ ಕಡೆಯವರು ಕೇಂದ್ರ ಸರ್ಕಾರವನ್ನೇ ಎಳೆದು ತಂದರು: "ಅವರು ಬೋನಸ್‌ಗೆ ಎಲ್ಲಾ ವರ್ಷವೂ 30.4ರಿಂದ ಭಾಗಿಸುತ್ತಾರೆ, ಅಧಿಕ ವರ್ಷ ನೋಡುವುದಿಲ್ಲ." ನಿಜ. 7,000ವನ್ನು 30ರಿಂದ ಗುಣಿಸಿ 30.4ರಿಂದ ಭಾಗಿಸಿ 6,908 ಕೊಡುತ್ತಾರೆ. ಅದು ವರ್ಷಕ್ಕೊಮ್ಮೆ ಕೊಡುವ ಗಂಟು, ಅದನ್ನು ದಿನ ದಿನ ಕೂಡಿಸಿ ವರ್ಷಕ್ಕೆ ಹೊಂದಿಸುವ ಕೆಲಸ ಯಾರಿಗೂ ಇಲ್ಲ. 30.4ನ್ನು 12ರಿಂದ ಗುಣಿಸಿದರೆ 364.8, ಅದು 365ಕ್ಕೂ ಮುಟ್ಟುವುದಿಲ್ಲ. ಗ್ರಾಚ್ಯುಟಿಗೆ 26 ಹಿಡಿಯುವುದೂ ಹಾಗೆಯೇ, ಆ ಕಾಯಿದೆಯಲ್ಲೇ ಬರೆದ ಅಂಕಿ ಅದು. ನಮ್ಮ ಕರಾರಿನಲ್ಲೂ 365 ಎಂದು ಬರೆದಿದ್ದರೆ ನಾನು ತುಟಿಪಿಟಕ್ಕೆನ್ನದೆ 365 ಹಿಡಿಯುತ್ತಿದ್ದೆ.

ಕೊನೆಯವರು ಕೊಲ್ಲಾಪುರದ ಒಂದು ಆಫೀಸಿನವರು. 366 ಸರಿ ಎಂದು ಒಪ್ಪಿದರು, ಆದರೆ ವರ್ಷ ತಪ್ಪಿಸಿದರು: "2024 ಅಧಿಕ ವರ್ಷ, ಆದ್ದರಿಂದ 2024-25ಕ್ಕೆ 366." ಸಾಹೇಬರೇ, ಏಪ್ರಿಲ್‌ನಲ್ಲಿ ನಿಮ್ಮ ಹೊಸ ವಹಿ ತೆರೆಯುವ ಹೊತ್ತಿಗೆ ಫೆಬ್ರವರಿ 29 ಹಳೆಯ ವಹಿಯಲ್ಲಿ ಮುಗಿದಿತ್ತು. ಆ ದಿನ ಯಾವ ವಹಿಯೊಳಗೆ ಬೀಳುತ್ತದೋ ಅದಕ್ಕೆ 366. ನಿಮ್ಮ ಹಾಗೆ 2024-25ರ 365 ದಿನಕ್ಕೂ 366ರಿಂದ ಭಾಗಿಸಿದ ದರ ಹಾಕಿದರೆ ಒಟ್ಟು 2,15,409.84 ಆಗುತ್ತದೆ. ಮಸ್ಟರಿನಲ್ಲಿ ವರ್ಷವಿಡೀ ಒಂದೂ ಖಾಡಾ ಇಲ್ಲದವನ ಕೈಗೆ 590 ರೂಪಾಯಿ 16 ಪೈಸೆ ಕಡಿಮೆ.