ಶಾರ್ಟ್ ಸರ್ಕ್ಯೂಟ್‌ಗೂ ಮೊದಲು ಸಡಿಲ ಜಾಯಿಂಟ್: ಬೆಂಕಿ ಬೀಳುವ ಮುನ್ನ ಪ್ಲಗ್ ಪಾಯಿಂಟ್ ಕೊಡುವ ಸೂಚನೆಗಳು

ಅಂಗಡಿಗೆ ಬೆಂಕಿ ಬಿದ್ದ ಸುದ್ದಿಗಳಲ್ಲಿ ಕೊನೆಯ ಸಾಲು ಹೆಚ್ಚಾಗಿ ಒಂದೇ ಇರುತ್ತದೆ: ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ. ಅಕ್ಕಪಕ್ಕದ ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಶಾರ್ಟ್ ಆಯ್ತು, ಏನೂ ಮಾಡೋಕಾಗಲ್ಲ ಅಂತ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಎಷ್ಟೋ ಕಡೆ ಶಾರ್ಟ್ ಸರ್ಕ್ಯೂಟ್ ಆಗುವುದು ಕೊನೆಯಲ್ಲಿ. ಮೊದಲು ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿ, ದಿನವೂ ಬಿಸಿಯಾಗಿ, ವೈರಿನ ಮೇಲಿನ ಪ್ಲಾಸ್ಟಿಕ್ ಕರಗಿರುತ್ತದೆ. ಆಮೇಲಷ್ಟೇ ಎರಡು ವೈರು ಒಂದಕ್ಕೊಂದು ತಾಗಿ ಢಮ್ ಎನ್ನುತ್ತದೆ. ಜನರಿಗೆ ಕೇಳಿಸುವುದು ಆ ಸದ್ದು ಮಾತ್ರ. ಅದಕ್ಕೂ ಹಿಂದಿನ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳು, ಯಾರ ಗಮನಕ್ಕೂ ಬಂದಿರುವುದಿಲ್ಲ.

ಆ ಅವಧಿಯಲ್ಲಿ ಬೋರ್ಡು ಸುಮ್ಮನಿರುವುದಿಲ್ಲ, ಸೂಚನೆ ಕೊಡುತ್ತಲೇ ಇರುತ್ತದೆ. ಅದನ್ನು ಗುರುತಿಸಲು ಸಡಿಲ ಜಾಯಿಂಟ್ ಬಿಸಿಯಾಗುವುದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು.

ಎಂಸಿಬಿ ಯಾಕೆ ಬೀಳುವುದಿಲ್ಲ?

ಬಸ್ ನಿಲ್ದಾಣದ ಎದುರಿನ ಹಳೇ ಕಟ್ಟಡದಲ್ಲಿರುವ ಒಂದು ಬೇಕರಿ ಎಂದಿಟ್ಟುಕೊಳ್ಳಿ. ಪಫ್ಸ್ ಬಿಸಿ ಮಾಡಲು 2000 ವಾಟಿನ ಕರೆಂಟ್ ಓವನ್ ಇದೆ. 230 ವೋಲ್ಟ್‌ನಲ್ಲಿ ಅದು ಎಳೆಯುವ ಕರೆಂಟ್ ಸುಮಾರು 8.7 ಆಂಪಿಯರ್. ಹಾಕಿರುವ ಎಂಸಿಬಿ 16 ಆಂಪಿಯರ್‌ನದು. ಲೆಕ್ಕದ ಪ್ರಕಾರ ಎಲ್ಲವೂ ಸರಿ.

ಸ್ಕ್ರೂ ಬಿಗಿಯಾಗಿದ್ದು, ಲೋಹಕ್ಕೆ ಲೋಹ ಚೆನ್ನಾಗಿ ಕೂತಿದ್ದರೆ ಆ ಜಾಗದಲ್ಲಿ ಹುಟ್ಟುವ ಶಾಖ ಒಂದು ವಾಟ್ ಕೂಡ ಇರುವುದಿಲ್ಲ. ಅದೇ ಸ್ಕ್ರೂ ಸಡಿಲವಾಗಿ ಅಲ್ಲಿನ ರೆಸಿಸ್ಟೆನ್ಸ್ ಅರ್ಧ ಓಮ್‌ಗೆ ಏರಿತು ಎನ್ನಿ. ಕರೆಂಟನ್ನು ಅದರಿಂದಲೇ ಗುಣಿಸಿ, ಮತ್ತೆ ರೆಸಿಸ್ಟೆನ್ಸ್‌ನಿಂದ ಗುಣಿಸಿದರೆ ಶಾಖ ಎಷ್ಟೆಂದು ಸಿಗುತ್ತದೆ: 8.7 × 8.7 × 0.5, ಅಂದರೆ ಸುಮಾರು 38 ವಾಟ್. ರೇಡಿಯೋ ರಿಪೇರಿಯವರು ಬೆಸುಗೆ ಹಾಕಲು ಬಳಸುವ ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು ಶಾಖ ಅದು. ಅಂಥದ್ದೊಂದು ಐರನ್ನನ್ನು ಗೋಡೆಯೊಳಗಿನ ಡಬ್ಬಿಯಲ್ಲಿಟ್ಟು ಮುಚ್ಚಿದಂತೆ ಆಯಿತು. ಸಾಮಾನ್ಯ ಪಿವಿಸಿ ವೈರಿನ ಹೊದಿಕೆ ತಡೆಯುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ.

ಇಷ್ಟಾದರೂ ಓವನ್‌ಗೆ ಸಿಗುವ ವೋಲ್ಟೇಜ್ ಕಡಿಮೆಯಾಗುವುದು ನಾಲ್ಕೈದು ವೋಲ್ಟ್ ಅಷ್ಟೇ. ಪಫ್ಸ್ ಎಂದಿನಂತೆ ಬಿಸಿಯಾಗುತ್ತದೆ, ಬಿಲ್ಲಿನಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಂಸಿಬಿ ನೋಡುವುದು ಕರೆಂಟ್ ಮಿತಿ ಮೀರಿತೇ ಎಂಬುದನ್ನು. ಇಲ್ಲಿ ಕರೆಂಟ್ ಮಿತಿಯೊಳಗೇ ಇದೆ, ಹಾಗಾಗಿ ಅದು ಬೀಳುವುದಿಲ್ಲ. ಇಎಲ್‌ಸಿಬಿ ನೋಡುವುದು ಕರೆಂಟ್ ಭೂಮಿಗೆ ಸೋರುತ್ತಿದೆಯೇ ಎಂಬುದನ್ನು. ಸೋರಿಕೆ ಇಲ್ಲದ್ದರಿಂದ ಅದೂ ಸುಮ್ಮನಿರುತ್ತದೆ. 'ನಮ್ಮಲ್ಲಿ ಎಂಸಿಬಿ ಇದೆ, ಭಯ ಇಲ್ಲ' ಎನ್ನುವವರು ಗಮನಿಸಬೇಕಾದ ಅಂಶ ಇದು. ಸಡಿಲ ಜಾಯಿಂಟಿನ ಬಿಸಿಯನ್ನು ಈ ಎರಡೂ ಹಿಡಿಯುವುದಿಲ್ಲ.

ಅಲ್ಯೂಮಿನಿಯಂ ವೈರ್ ಇದ್ದರೆ

ನಲವತ್ತು ಐವತ್ತು ವರ್ಷದ ಹಿಂದಿನ ಕಟ್ಟಡಗಳಲ್ಲಿ, ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ವೈರಿಂಗ್‌ನಲ್ಲಿ, ಅಲ್ಯೂಮಿನಿಯಂ ಇರುವ ಸಾಧ್ಯತೆ ಹೆಚ್ಚು. ಆಗ ತಾಮ್ರಕ್ಕಿಂತ ಅಗ್ಗ ಎಂದು ಹಾಕಿದ್ದು. ಒಳಗಿನ ವೈರಿಂಗ್ ತಾಮ್ರದ್ದೇ ಆಗಿದ್ದರೂ, ಕಂಬದಿಂದ ಮೀಟರ್‌ಗೆ ಬರುವ ಸರ್ವಿಸ್ ವೈರ್ ಬಹಳ ಕಡೆ ಇಂದಿಗೂ ಅಲ್ಯೂಮಿನಿಯಂನದೇ.

ಅಲ್ಯೂಮಿನಿಯಂ ಕೆಟ್ಟ ವಾಹಕ ಏನಲ್ಲ. ದೊಡ್ಡ ಲೈನುಗಳೆಲ್ಲ ಅದರ ಮೇಲೇ ನಡೆಯುತ್ತವೆ. ತೊಂದರೆ ಇರುವುದು ಜಾಯಿಂಟಿನಲ್ಲಿ. ಕತ್ತರಿಸಿದ ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ, ಅದರ ಮೂಲಕ ಕರೆಂಟ್ ಸರಾಗ ಹರಿಯುವುದಿಲ್ಲ. ಜೊತೆಗೆ ಈ ಲೋಹ ಮೆದು. ಸ್ಕ್ರೂ ಕೆಳಗೆ ವರ್ಷಗಟ್ಟಲೆ ಒತ್ತಿಸಿಕೊಂಡು ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತದೆ, ಆಗ ಯಾರೂ ಮುಟ್ಟದಿದ್ದರೂ ಸ್ಕ್ರೂ ಸಡಿಲ. ಬಿಸಿಯಾದಾಗ ಅದು ತಾಮ್ರಕ್ಕಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಹಿಗ್ಗುತ್ತದೆ. ಓವನ್ ಹಾಕಿದಾಗ ಹಿಗ್ಗಿ, ಆರಿಸಿದಾಗ ಕುಗ್ಗಿ, ದಿನಕ್ಕೆ ಹತ್ತು ಸಲ ಹೀಗೇ ಆಗುತ್ತಾ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಹಳೇ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರ್ ತಿರುಚಿ ಕಪ್ಪು ಟೇಪ್ ಸುತ್ತುವ ಪದ್ಧತಿ. ಎರಡು ಬೇರೆ ಲೋಹ ಸೇರಿದ ಕಡೆ ತೇವ ತಾಗಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಮಳೆಗಾಲದಲ್ಲಿ ಗೋಡೆ ನೆನೆಯುವ ಊರುಗಳಲ್ಲಿ ಇದಕ್ಕೆ ಹೆಚ್ಚು ದಿನ ಬೇಡ.

ಅಮೆರಿಕದಲ್ಲಿ 1965ರಿಂದ 1970ರ ದಶಕದ ಆರಂಭದವರೆಗೆ ತಾಮ್ರ ದುಬಾರಿಯಾಗಿ ಲಕ್ಷಾಂತರ ಮನೆಗಳಿಗೆ ಅಲ್ಯೂಮಿನಿಯಂ ವೈರ್ ಎಳೆದಿದ್ದರು. 1972ಕ್ಕೂ ಮೊದಲಿನ ಅಂಥ ಮನೆಗಳಲ್ಲಿ ಯಾವುದಾದರೂ ಜಾಯಿಂಟ್ ಬೆಂಕಿಯ ಅಪಾಯದ ಮಟ್ಟಕ್ಕೆ ಬಿಸಿಯಾಗುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳಿತು. ಅಲ್ಲಿಯೂ ತಪ್ಪು ಕಂಡದ್ದು ಜಾಯಿಂಟುಗಳಲ್ಲಿ, ಉದ್ದಕ್ಕೆ ಹೋಗುವ ವೈರಿನಲ್ಲಲ್ಲ.

ಮೂಗು, ಕಣ್ಣು, ಕಿವಿಗೆ ಸಿಗುವ ಸೂಚನೆ

ಮತ್ತೆ ಆ ಬೇಕರಿಗೇ ಬರೋಣ. ಮೊದಲ ಸೂಚನೆ ಹೆಚ್ಚಾಗಿ ವಾಸನೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎಲ್ಲರಿಗೂ ಗೊತ್ತು. ಆದರೆ ಕೆಲವು ಸ್ವಿಚ್, ಸಾಕೆಟ್‌ಗಳು ಬಿಸಿಯಾದಾಗ ಮೀನಿನಂಥ ವಾಸನೆ ಬರುತ್ತದೆ. ಇಲಿ ಸತ್ತಿರಬೇಕು ಅಂತ ರ್ಯಾಕ್ ಕೆಳಗೆ ಹುಡುಕುವವರೂ ಇದ್ದಾರೆ. ಓವನ್ ಹಾಕಿದಾಗ ಬಂದು, ಆರಿಸಿದ ಮೇಲೆ ಹೋಗುವ ವಾಸನೆಯಾದರೆ ಹುಡುಕಬೇಕಾದದ್ದು ಬೋರ್ಡಿನಲ್ಲಿ.

ಎರಡನೆಯದು ಬಣ್ಣ. ಬಿಳಿ ಸಾಕೆಟ್‌ನ ಒಂದು ತೂತಿನ ಸುತ್ತ ಹಳದಿ, ಆಮೇಲೆ ಕಂದು ಬಣ್ಣ ಬರುತ್ತದೆ. ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ ಕಪ್ಪಾಗಿ, ಇನ್ನೊಂದು ಹೊಳೆಯುತ್ತಿರಬಹುದು. ಎರಡೂ ಪಿನ್‌ಗಳಲ್ಲಿ ಹರಿಯುವ ಕರೆಂಟ್ ಒಂದೇ. ಒಂದು ಮಾತ್ರ ಸುಟ್ಟಿದೆ ಎಂದರೆ ತಪ್ಪು ಓವನ್‌ನದಲ್ಲ, ಆ ಪಿನ್ ಕೂರುವ ಜಾಗದ ಹಿಡಿತದ್ದು. ಒಮ್ಮೆ ಬಿಸಿಯಾದ ಹಿತ್ತಾಳೆ ಕ್ಲಿಪ್ ತನ್ನ ಬಿಗುವು ಕಳೆದುಕೊಳ್ಳುತ್ತದೆ, ಮುಂದಿನ ಸಲ ಮತ್ತಷ್ಟು ಬಿಸಿಯಾಗುತ್ತದೆ. ತಾನಾಗಿ ಸರಿಹೋಗುವ ಮಾತೇ ಇಲ್ಲ.

ಮೂರನೆಯದು ಸದ್ದು ಮತ್ತು ಬೆಳಕು. ಬೋರ್ಡಿನೊಳಗೆ ಚಿರ್ ಚಿರ್ ಸದ್ದು, ಪ್ಲಗ್ ಅಲ್ಲಾಡಿಸಿದರಷ್ಟೇ ಕರೆಂಟ್ ಬರುವುದು, ಫ್ರೀಜರ್ ಶುರುವಾದಾಗ ಬಲ್ಬ್ ಮಿಣಕ್ ಮಿಣಕ್ ಎನ್ನುವುದು. ಇಡೀ ಬೀದಿಯಲ್ಲೇ ವೋಲ್ಟೇಜ್ ಕಮ್ಮಿಯಿದ್ದರೆ ಅದು ಬೇರೆ ವಿಷಯ. ಪಕ್ಕದ ಅಂಗಡಿಯಲ್ಲಿ ಸರಿಯಿದ್ದು ನಿಮ್ಮಲ್ಲಿ ಮಾತ್ರ ಹೀಗಾದರೆ ಜಾಯಿಂಟ್ ನಿಮ್ಮಲ್ಲೇ, ಇಲ್ಲವೇ ನಿಮ್ಮ ಸರ್ವಿಸ್ ವೈರಿನಲ್ಲೇ ಇದೆ. ಕೆಲವು ಬಲ್ಬ್ ಮಂಕಾಗಿ ಕೆಲವು ವಿಪರೀತ ಪ್ರಕಾಶವಾದರೆ ನ್ಯೂಟ್ರಲ್ ಸಡಿಲವಾಗಿರುವ ಶಂಕೆ. ಆಗ ಕಾಯದೆ ಮೇನ್ ಆಫ್ ಮಾಡಬೇಕು.

ನಾಲ್ಕನೆಯದು ಬಿಸಿ. ಓವನ್ ಅರ್ಧ ಗಂಟೆ ಓಡಿದ ಮೇಲೆ, ಒಣಗಿದ ಕೈಯ ಹಿಂಭಾಗವನ್ನು ಪ್ಲಗ್‌ನ ಪ್ಲಾಸ್ಟಿಕ್ ಮೈಗೆ ತಾಗಿಸಿ ನೋಡಬಹುದು. ಸ್ವಲ್ಪ ಬೆಚ್ಚಗಿದ್ದರೆ ಸಹಜ. ಕೈ ಇಡಲಾಗದಷ್ಟು ಸುಟ್ಟರೆ ಆ ಪಾಯಿಂಟನ್ನು ಅಂದಿನಿಂದಲೇ ಬಳಸಬಾರದು. ಪ್ಲಾಸ್ಟಿಕ್ ಕರಗಿದ್ದರೆ, ಬಿರುಕು ಬಿಟ್ಟಿದ್ದರೆ ಮುಟ್ಟಿ ನೋಡುವುದೇ ಬೇಡ.

ರಿಪೇರಿಯಲ್ಲಿ ಆಗುವ ತಪ್ಪು

ಸಾಕೆಟ್ ಸುಟ್ಟಾಗ ಹೊಸ ಸಾಕೆಟ್ ತಂದು ಅದೇ ಸುಟ್ಟ ವೈರಿನ ತುದಿಗೆ ಹಾಕುವುದು ಸಾಮಾನ್ಯ. ಆದರೆ ಸುಟ್ಟ ತುದಿ ಕಪ್ಪುಗಟ್ಟಿ ಗಟ್ಟಿಯಾಗಿರುತ್ತದೆ, ಹೊಸ ಸ್ಕ್ರೂಗೂ ಸರಿಯಾಗಿ ಕೂರುವುದಿಲ್ಲ. ಕೆಲವೇ ತಿಂಗಳಲ್ಲಿ ಹೊಸದೂ ಸುಡುತ್ತದೆ, ದೂರು ಸಾಕೆಟ್ ಕಂಪನಿಯ ಮೇಲೆ ಬರುತ್ತದೆ. ಲೋಹ ಹೊಳೆಯುವ, ಹೊದಿಕೆ ಮೆತ್ತಗಿರುವ ಜಾಗದವರೆಗೆ ವೈರನ್ನು ಕತ್ತರಿಸಿಯೇ ಮುಂದುವರಿಯಬೇಕು.

ಅಲ್ಯೂಮಿನಿಯಂ ಆದರೆ 'ಚೆನ್ನಾಗಿ ಬಿಗಿ ಮಾಡಿ' ಎನ್ನುವುದೂ ಅಪಾಯವೇ. ವರ್ಷವರ್ಷ ಬಿಗಿ ಮಾಡುತ್ತಾ ಹೋದರೆ ವೈರ್ ಚಪ್ಪಟೆಯಾಗಿ ತುಂಡಾಗುತ್ತದೆ. ತಾಮ್ರಕ್ಕೆ ಸೇರಿಸುವ ಕಡೆ ಎರಡೂ ಲೋಹಕ್ಕೆ ಹೊಂದುವ ಬೈಮೆಟಲ್ ಲಗ್ ಅಥವಾ ಕನೆಕ್ಟರ್ ಹಾಕಿ, ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಿ, ಕ್ರಿಂಪಿಂಗ್ ಟೂಲ್‌ನಿಂದ ಒತ್ತಿಸಬೇಕು. ತಿರುಚಿ ಟೇಪ್ ಸುತ್ತಿದರೆ ಆಗದು. ಬೆಳ್ಳಗೆ ಕಂಡದ್ದೆಲ್ಲ ಅಲ್ಯೂಮಿನಿಯಂ ಅಲ್ಲ, ತವರ ಲೇಪಿಸಿದ ತಾಮ್ರವೂ ಹಾಗೇ ಕಾಣುತ್ತದೆ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ತುದಿಯನ್ನು ಕೆರೆದಾಗ ಒಳಗೆ ಕೆಂಪು ಕಂಡರೆ ಅದು ತಾಮ್ರ.

ಇಡೀ ಕಟ್ಟಡದ ವೈರಿಂಗ್ ಬದಲಿಸಲು ಬಾಡಿಗೆ ಅಂಗಡಿಯವರಿಗೆ ಆಗದ ಮಾತು, ಮಾಲೀಕರೂ ಒಪ್ಪುವುದಿಲ್ಲ. ಹಾಗಿದ್ದರೆ ಓವನ್, ಗೀಸರ್, ಎಸಿಯಂಥ ಹೆಚ್ಚು ಕರೆಂಟ್ ಎಳೆಯುವವುಗಳಿಗಾದರೂ ಮೇನ್ ಬೋರ್ಡಿನಿಂದ ನಡುವೆ ಜಾಯಿಂಟ್ ಇಲ್ಲದ ಪ್ರತ್ಯೇಕ ತಾಮ್ರದ ವೈರ್ ಎಳೆಸಬಹುದು. ಬೇಕರಿಯ ಓವನ್‌ಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಸಾಕೆಟ್ ಸಾಕು. ಹಳೇ ವೈರಿಗೆ ಉಳಿಯುವುದು ಬಲ್ಬ್, ಫ್ಯಾನಿನ ಭಾರ ಮಾತ್ರ.

ಎರಡು ಕೆಲಸವನ್ನಂತೂ ಮಾಡಲೇಬಾರದು. ಒಂದು, ದೊಡ್ಡ ಪಿನ್ನಿನ ಪ್ಲಗ್‌ಗೆ ಕನ್ವರ್ಟರ್ ಸಿಕ್ಕಿಸಿ ಸಣ್ಣ ಸಾಕೆಟ್‌ಗೆ ಹಾಕುವುದು. 6 ಆಂಪಿಯರ್ ಸಾಕೆಟ್ ಹೊರುವುದು ಹೆಚ್ಚೆಂದರೆ 1380 ವಾಟ್. ಇನ್ನೊಂದು, ಪದೇ ಪದೇ ಬೀಳುವ 16ರ ಎಂಸಿಬಿ ಕಿತ್ತು 32ರದ್ದು ಹಾಕುವುದು. ಆಮೇಲೆ ಹಳೇ ವೈರ್ ಗೋಡೆಯೊಳಗೇ ಕಾದರೂ ಅದು ಬೀಳದೇ ಹೋಗಬಹುದು.

ಯಾರನ್ನು ಕರೆಯಬೇಕು?

ಮೀಟರ್‌ವರೆಗಿನ ಸರ್ವಿಸ್ ವೈರ್, ಮೀಟರ್‌ನ ಸೀಲ್ ವಿದ್ಯುತ್ ಕಂಪನಿಗೆ ಸೇರಿದ್ದು. ಅಲ್ಲಿ ಕಿಡಿ ಅಥವಾ ಕಪ್ಪು ಗುರುತು ಕಂಡರೆ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆದುಕೊಳ್ಳಬೇಕು, ಸೀಲ್ ಮುಟ್ಟಬಾರದು. ಮೀಟರ್‌ನಿಂದ ಒಳಗಿನದ್ದು ಗ್ರಾಹಕರ ಹೊಣೆ, ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು. ಬೋರ್ಡಿನಲ್ಲಿ ಹೊಗೆ ಕಂಡರೆ ಕೈಗೆ ಸಿಗುವಂತಿದ್ದರೆ ಮಾತ್ರ ಮೇನ್ ಆಫ್ ಮಾಡಿ ಹೊರಬಂದು 112ಕ್ಕೆ ಕರೆ ಮಾಡುವುದು ಸರಿ. ನೀರು ಎರಚಬಾರದು.

ಶಟರ್ ಎಳೆಯುವ ಮುನ್ನ ಗಲ್ಲಾಪೆಟ್ಟಿಗೆ ಎಣಿಸುವಂತೆ, ತಿಂಗಳಿಗೊಮ್ಮೆ ಓವನ್, ಫ್ರೀಜರ್, ಗೀಸರ್‌ನ ಸ್ವಿಚ್ ಆರಿಸಿ ಪ್ಲಗ್ ಕಿತ್ತು ಎರಡೂ ಪಿನ್ ನೋಡಿದರೆ ಸಾಕು. ಒಂದು ಕಪ್ಪಾಗಿದ್ದರೆ ಮರುದಿನ ಆ ಪಾಯಿಂಟ್‌ಗೆ ಮತ್ತೆ ಪ್ಲಗ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಬರಬೇಕು.