ನಿಂತ ಸ್ಕೂಟರು, ಓಡುವ ಸ್ಕೂಟರು

ಬೆಳಗಾವಿಯಲ್ಲಿ ಬೆಳೆದವರಿಗೆ ‘ಕ್ಯಾಂಪ್’ ಎಂದರೆ ಏನೆಂದು ವಿವರಿಸಬೇಕಿಲ್ಲ. ಬ್ರಿಟಿಷರ ದಂಡು ಬೀಡುಬಿಟ್ಟ ಜಾಗ, ನೇರ ರಸ್ತೆಗಳು, ಇಗರ್ಜಿ, ಬೇಕರಿ. ಪುಣೆಯ ಕ್ಯಾಂಪ್ ಕೂಡ ಅದೇ ಕುಲದ್ದು, ಆದರೆ ಜನಸಂದಣಿ ಹೆಚ್ಚು. ಸಂಜೆ ಈಸ್ಟ್ ಸ್ಟ್ರೀಟಿನಲ್ಲಿ ಕಯಾನಿ ಬೇಕರಿಯ ಮುಂದೆ ಬಿಸ್ಕತ್ತಿಗೆ ನಿಂತವರು, ಅವರ ಬೆನ್ನಿಗೆ ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು, ಆ ಸಾಲಿನ ಆಚೆ ಓಡುವ ಸ್ಕೂಟರುಗಳು, ಅವುಗಳ ನಡುವೆ ದಾರಿ ಹುಡುಕುವ ಆಟೋ. ಅಲ್ಲೇ ಪಕ್ಕದ ಎಂ.ಜಿ. ರಸ್ತೆಯಲ್ಲೂ ಇದೇ ನೋಟ.

ಈಗ ಇಂಥದೇ ಒಂದು ಮೂಲೆಯಲ್ಲಿ ಮೂರಂತಸ್ತಿನ ಹೊಸ ಅಂಗಡಿ ಕಟ್ಟಡ ಬರಲಿದೆ ಎಂದು ಇಟ್ಟುಕೊಳ್ಳಿ. ಕಟ್ಟುವ ಮೊದಲೇ ಅದರ ಚಿತ್ರ ಬರುತ್ತದೆ. ವಾಸ್ತುಶಿಲ್ಪಿಗಳು ರೆಂಡರ್ ಎನ್ನುವ, ಕಂಪ್ಯೂಟರಿನಲ್ಲಿ ಮಾಡಿದ, ಫೋಟೋದಂತೆ ಕಾಣುವ ಚಿತ್ರ. ಅದರಲ್ಲಿ ಅಗಲವಾದ ರಸ್ತೆ, ಉದ್ದ ಕಾಲಿನ ಮೂರ್ನಾಲ್ಕು ಜನ, ಬೆಳಕಿನ ಗೆರೆಯಂತೆ ಹರಿದುಹೋಗುವ ಒಂದು ಕಾರು ಇರುತ್ತವೆ. ನಿಂತ ಸ್ಕೂಟರು ಒಂದೂ ಇರುವುದಿಲ್ಲ. ನೋಡಿದವರಿಗೆ ಚಿತ್ರ ಚೆನ್ನಾಗಿದೆ ಅನ್ನಿಸುತ್ತದೆ, ಜೊತೆಗೆ ಇದು ನಮ್ಮ ರಸ್ತೆಯಲ್ಲ ಅಂತಲೂ ಅನ್ನಿಸುತ್ತದೆ. ಈ ಎರಡನೆಯ ಅನಿಸಿಕೆಗೆ ಅಳತೆಯ ಕಾರಣಗಳಿವೆ. ಕಟ್ಟಡದ ಮುಂದೆ ಜನ, ಸ್ಕೂಟರು, ಕಾರುಗಳನ್ನು ಇಡುವುದು ಅಲಂಕಾರದ ಕೆಲಸವೆಂದು ಚಿತ್ರ ಮಾಡುವವರು ಹೇಳುತ್ತಾರೆ. ಅದು ಅಲಂಕಾರವಲ್ಲ, ರಸ್ತೆಯ ಬಗ್ಗೆ ಕೊಡುವ ಹೇಳಿಕೆ. ಹೇಳಿಕೆಯಾದ ಮೇಲೆ ಅದನ್ನು ಪರೀಕ್ಷಿಸುವಂತಿರಬೇಕು.

ಮೊದಲು ಗಾತ್ರದ ವಿಷಯ. ಸಮತಟ್ಟಾದ ರಸ್ತೆಯಲ್ಲಿ ಕ್ಯಾಮೆರಾವನ್ನು ಒಂದೂವರೆ ಮೀಟರ್ ಎತ್ತರದಲ್ಲಿ ನೇರ ಮುಂದಕ್ಕೆ ಹಿಡಿದರೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಎಲ್ಲವೂ ಚಿತ್ರದಲ್ಲಿ ಒಂದೇ ಅಡ್ಡಗೆರೆಯ ಮೇಲೆ ಬೀಳುತ್ತವೆ. ಆ ವಸ್ತು ಐದು ಮೀಟರ್ ದೂರದಲ್ಲಿರಲಿ, ಐವತ್ತು ಮೀಟರ್ ದೂರದಲ್ಲಿರಲಿ, ಗೆರೆ ಬದಲಾಗುವುದಿಲ್ಲ. ಕ್ಷಿತಿಜ ರೇಖೆ ಎನ್ನುವುದು ಇದನ್ನೇ. ನಮ್ಮಲ್ಲಿ ಗಂಡಸರ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್, ಹೆಂಗಸರದು ಸುಮಾರು 152. ಕಣ್ಣು ನೆತ್ತಿಗಿಂತ ಹತ್ತು ಹನ್ನೊಂದು ಸೆಂಟಿಮೀಟರ್ ಕೆಳಗಿರುತ್ತದೆ. ಹಾಗಾಗಿ ಈ ಚಿತ್ರದಲ್ಲಿ ನಿಂತ ಗಂಡಸರ ಕಣ್ಣು ಗೆರೆಗಿಂತ ಕೂದಲೆಳೆ ಮೇಲೆ, ಹೆಂಗಸರ ಕಣ್ಣು ತುಸು ಕೆಳಗೆ ಬರಬೇಕು. ದೂರ ಹೋದಂತೆ ಅವರ ಕಾಲುಗಳು ಮಾತ್ರ ಗೆರೆಯತ್ತ ಏರುತ್ತವೆ, ತಲೆಗಳು ಅಲ್ಲೇ ಇರುತ್ತವೆ. ಸಂತೆಯಲ್ಲಿ ನಿಂತು ಸುತ್ತ ನೋಡಿದರೆ ಇದು ಗೊತ್ತಾಗುತ್ತದೆ.

ಈ ಗೆರೆ ಸಿಕ್ಕಿತೆಂದರೆ ಉಳಿದದ್ದೆಲ್ಲ ಅದರ ಮೇಲೆ ನೇತುಹಾಕಿದಂತೆ. ಆಕ್ಟಿವಾ ಸ್ಕೂಟರಿನ ಸೀಟು ನೆಲದಿಂದ ಸುಮಾರು 76 ಸೆಂಟಿಮೀಟರ್. ಅದರ ಮೇಲೆ ಕೂತವರ ಕಣ್ಣು ಗೆರೆಗೆ ಹತ್ತಿರ, ಒಂದಿಷ್ಟು ಕೆಳಗೆ. ವ್ಯಾಗನ್ ಆರ್ ಕಾರಿನ ಮಾಡು ಗೆರೆಗಿಂತ ಒಂದು ಗೇಣಿಗೆ ತುಸು ಕಡಿಮೆ ಮೇಲಿರುತ್ತದೆ, ಆಟೋದ ಮಾಡೂ ಹೆಚ್ಚುಕಡಿಮೆ ಅಷ್ಟೇ. ಫುಟ್‌ಪಾತು ರಸ್ತೆಗಿಂತ 15 ಸೆಂಟಿಮೀಟರ್ ಎತ್ತರವಿದ್ದರೆ ಅದರ ಮೇಲೆ ನಿಂತವರು ಅಷ್ಟೇ ಮೇಲೇರಬೇಕು. ಇದನ್ನು ಮರೆತಾಗ ಜನ ಫುಟ್‌ಪಾತಿನೊಳಗೆ ಹೂತುಹೋದಂತೆ ಕಾಣುತ್ತಾರೆ.

ತಪ್ಪು ನಡೆಯುವುದು ಹೀಗೆ. ಚಿತ್ರ ಮಾಡುವವರು ಬೇರೆ ದೇಶದಲ್ಲಿ ತೆಗೆದ ಜನರ ಕಟೌಟುಗಳನ್ನು ತಂದು ಕಣ್ಣಳತೆಯಲ್ಲಿ ಹಿಗ್ಗಿಸಿ ಕುಗ್ಗಿಸಿ ಇಡುತ್ತಾರೆ. ಐದರಲ್ಲಿ ಒಂದು ಪಾಲು ಕುಗ್ಗಿದರೂ ಒಂಟಿ ಮನುಷ್ಯನನ್ನು ನೋಡುವಾಗ ಅದು ಗೊತ್ತಾಗುವುದಿಲ್ಲ. ಆದರೆ ನೋಡುವ ಕಣ್ಣು ಮನುಷ್ಯನನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಮನುಷ್ಯ ಸರಿಯಾದ ಎತ್ತರದವನೇ ಎಂದು ನಂಬಿ ಉಳಿದದ್ದನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಆಗ ಎರಡು ಮೀಟರಿನ ಫುಟ್‌ಪಾತು ಎರಡೂವರೆ ಮೀಟರಿನಂತೆ ಕಾಣುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಅರ್ಧ ಮೀಟರ್ ಹುಟ್ಟಿಕೊಂಡಿತು. ಕ್ಯಾಂಪಿನ ಅಂಗಡಿಗಳ ಮುಂದೆ ಅರ್ಧ ಮೀಟರ್ ಎಂದರೆ ಒಬ್ಬ ಮನುಷ್ಯ ನಡೆಯುವ ಜಾಗ.

ಇದಕ್ಕೆ ಒಳ್ಳೆಯ ಸಾಕ್ಷಿ ಸ್ಕೂಟರು. ಮನುಷ್ಯರಲ್ಲಿ ಕುಳ್ಳರೂ ಇದ್ದಾರೆ, ಎತ್ತರದವರೂ ಇದ್ದಾರೆ. ಆಕ್ಟಿವಾ ಮಾತ್ರ ಎಲ್ಲಿದ್ದರೂ ಸುಮಾರು 1.83 ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ. ಪುಣೆಯಲ್ಲಿ ಅದರ ಗಾತ್ರ ಗೊತ್ತಿಲ್ಲದವರಿಲ್ಲ. ಚಿತ್ರದಲ್ಲಿ ಒಂದು ಸ್ಕೂಟರನ್ನು ಸರಿಯಾದ ಅಳತೆಯಲ್ಲಿ ನೆಲಕ್ಕೆ ಊರಿ ಅದರ ಪಕ್ಕ ಜನರನ್ನು ನಿಲ್ಲಿಸಿದರೆ, ಜನರ ಗಾತ್ರದ ತಪ್ಪು ತಾನಾಗಿ ಹೊರಬೀಳುತ್ತದೆ.

ಇನ್ನು ಚಲನೆಯ ಮಸುಕು. ಓಡುವ ವಸ್ತುವನ್ನು ಕ್ಯಾಮೆರಾ ಹಿಡಿಯುವಾಗ ಷಟರ್ ತೆರೆದಿರುವಷ್ಟು ಹೊತ್ತು ಅದು ಸರಿದುಹೋಗುತ್ತದೆ, ಆ ಸರಿದ ದೂರವೇ ಮಸುಕು. ಚಿತ್ರಕ್ಕೆ ಷಟರ್ ಒಂದೇ. ಹಾಗಾಗಿ ಯಾವುದು ಎಷ್ಟು ಮಸುಕಾಗಬೇಕು ಎನ್ನುವುದು ಚಿತ್ರ ಮಾಡುವವರ ಇಷ್ಟವಲ್ಲ, ಒಂದು ಸಂಖ್ಯೆಯನ್ನು ಆರಿಸಿಕೊಂಡ ಮೇಲೆ ಉಳಿದವು ತಾವಾಗಿ ಬರುತ್ತವೆ. ಸಂಜೆಯ ಬೆಳಕಿಗೆ ಒಪ್ಪುವ ಸೆಕೆಂಡಿನ ಮೂವತ್ತನೆಯ ಒಂದು ಭಾಗವನ್ನು ತೆಗೆದುಕೊಳ್ಳೋಣ. ಗಂಟೆಗೆ 25 ಕಿಲೋಮೀಟರ್ ವೇಗದ ಸ್ಕೂಟರು ಅಷ್ಟರಲ್ಲಿ 23 ಸೆಂಟಿಮೀಟರ್ ಸರಿಯುತ್ತದೆ. ನಡೆಯುವವರು ನಾಲ್ಕು ಸೆಂಟಿಮೀಟರ್ ಸರಿಯುತ್ತಾರೆ. 24 ಮಿಲಿಮೀಟರ್ ಲೆನ್ಸಿನಲ್ಲಿ, 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ, ಎಂಟು ಮೀಟರ್ ದೂರದ ಒಂದು ಮೀಟರು ಸುಮಾರು 333 ಪಿಕ್ಸೆಲ್ ಆಗುತ್ತದೆ. ಆ ದೂರದಲ್ಲಿ ಅಡ್ಡ ಹಾಯುವ ಸ್ಕೂಟರಿನ ಮಸುಕು 77 ಪಿಕ್ಸೆಲ್, ನಡೆಯುವವರದು 14. ಸ್ಕೂಟರು ಮೆತ್ತಗಾಗಿ ಕಾಣುತ್ತದೆ, ಗೆರೆಯಾಗಿ ಅಲ್ಲ. ನಡೆಯುವವರ ಮುಖದ ಅಂಚು ಮಾತ್ರ ಸಡಿಲವಾಗುತ್ತದೆ.

ದಿಕ್ಕು ಇನ್ನೂ ಮುಖ್ಯ. ಅದೇ ವೇಗದ ಎರಡು ಸ್ಕೂಟರು 20 ಮೀಟರ್ ದೂರದಲ್ಲಿವೆ. ಒಂದು ಅಡ್ಡ ಹೋಗುತ್ತಿದೆ, ಇನ್ನೊಂದು ಕ್ಯಾಮೆರಾದ ನೇರಕ್ಕಿಂತ ಎರಡು ಮೀಟರ್ ಪಕ್ಕದಲ್ಲಿ ಎದುರಿಗೆ ಬರುತ್ತಿದೆ. ಮೊದಲನೆಯದರ ಮಸುಕು 31 ಪಿಕ್ಸೆಲ್, ಎರಡನೆಯದರದು ಮೂರು. ರಸ್ತೆಯುದ್ದಕ್ಕೂ ನೋಡುವ ಚಿತ್ರದಲ್ಲಿ ವಾಹನಗಳೆಲ್ಲ ಎದುರಿಗೆ ಬರುವವು ಅಥವಾ ದೂರ ಹೋಗುವವು. ಅವು ಹೆಚ್ಚುಕಡಿಮೆ ಸ್ಫುಟವಾಗಿಯೇ ಕಾಣಬೇಕು. ಅವುಗಳ ಮೇಲೂ ಅಡ್ಡ ಮಸುಕನ್ನು ಬಳಿದಾಗ ಕಾರು ಪಕ್ಕಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ನೋಡುವವರಿಗೆ ಹೆಸರಿಟ್ಟು ಹೇಳಲಾಗದಿದ್ದರೂ ಕಿರಿಕಿರಿಯಾಗುವುದು ಇದರಿಂದಲೇ.

ಮಸುಕು ಇಡೀ ದೇಹಕ್ಕೆ ಒಂದೇ ಸಮನಾಗಿಯೂ ಇರುವುದಿಲ್ಲ. ನಡೆಯುವಾಗ ಒಂದು ಪಾದ ನೆಲದ ಮೇಲೆ ನಿಂತಿರುತ್ತದೆ, ಅದು ಸ್ಫುಟ. ಮುಂದಕ್ಕೆ ಬೀಸುವ ಪಾದ ದೇಹದ ಎರಡು ಮೂರು ಪಟ್ಟು ವೇಗದಲ್ಲಿರುತ್ತದೆ, ಅದೇ ಹೆಚ್ಚು ಮಸುಕು. ಉರುಳುವ ಚಕ್ರವೂ ಹಾಗೆಯೇ. ನೆಲ ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಶ್ಚಲ, ಮೇಲಿನ ಅಂಚು ಸ್ಕೂಟರಿನ ಎರಡು ಪಟ್ಟು ವೇಗ. ಇಡೀ ಕಟೌಟಿನ ಮೇಲೆ ಒಂದೇ ಮಸುಕು ಬಳಿದರೆ ಊರಿದ ಪಾದವೂ ಕರಗಿ, ಮನುಷ್ಯ ನೆಲ ಬಿಟ್ಟು ತೇಲುತ್ತಾನೆ. ನೆರಳನ್ನು ಮರೆತರೆ ಇನ್ನೂ ವಿಚಿತ್ರ. ಸ್ಕೂಟರು ಮಸುಕು, ಅದರ ನೆರಳು ಮಾತ್ರ ಕತ್ತರಿಸಿಟ್ಟಷ್ಟು ಸ್ಪಷ್ಟ. ಮೂರು ಆಯಾಮದ ಮಾದರಿಗಳನ್ನೇ ಇಟ್ಟು, ಅವಕ್ಕೆ ವೇಗ ಕೊಟ್ಟು, ಮಸುಕನ್ನು ರೆಂಡರಿಂಗ್ ಸಾಫ್ಟ್‌ವೇರಿಗೆ ಬಿಟ್ಟರೆ ಈ ತಪ್ಪುಗಳಲ್ಲಿ ಬಹುಪಾಲು ಬರುವುದಿಲ್ಲ. ನಡೆಯುವವರ ಕೈಕಾಲಿಗೂ ಚಲನೆ ಕೊಟ್ಟಿರಬೇಕು, ಅಷ್ಟೇ.

ಬೆಳಕೂ ಒಪ್ಪಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಸಾಮಾನ್ಯವಾಗಿ ಷಟರ್ ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ತೆರೆಯುತ್ತದೆ. ಅಷ್ಟರಲ್ಲಿ ಆ ಸ್ಕೂಟರು ಒಂದೂವರೆ ಸೆಂಟಿಮೀಟರೂ ಸರಿಯುವುದಿಲ್ಲ. ಚೂಪಾದ ನಡುಹಗಲ ನೆರಳು ಮತ್ತು ಬಾಲದಂತೆ ಹರಿದ ಕಾರು ಒಂದೇ ಚಿತ್ರದಲ್ಲಿದ್ದರೆ, ಎರಡರಲ್ಲಿ ಒಂದು ಸುಳ್ಳು.

ಇಷ್ಟೆಲ್ಲ ಲೆಕ್ಕ ಏಕೆ? ಕಾರಣ 1838ರಷ್ಟು ಹಳೆಯದು. ಆ ವರ್ಷ ಪ್ಯಾರಿಸಿನಲ್ಲಿ ಡಾಗೇರ್ ತನ್ನ ಕಿಟಕಿಯಿಂದ ಬುಲ್ವಾರ್ ದು ತಾಂಪ್ಲ್ ರಸ್ತೆಯ ಚಿತ್ರ ತೆಗೆದ. ಗಾಡಿ, ಕುದುರೆ, ಜನ ತುಂಬಿದ ರಸ್ತೆ ಅದು. ಚಿತ್ರ ಮೂಡಲು ಹಲವು ನಿಮಿಷ ಹಿಡಿದಿದ್ದರಿಂದ ಓಡಾಡುವವರೆಲ್ಲ ಅಳಿಸಿಹೋದರು. ಉಳಿದದ್ದು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ನಿಂತ ಒಬ್ಬ ಮತ್ತು ಅವನ ಕಾಲ ಬಳಿ ಕೂತು ಪಾಲಿಶ್ ಹಾಕುತ್ತಿದ್ದವನ ಆಕಾರ. ಕ್ಯಾಮೆರಾ ಓಡುವವರನ್ನು ಅಳಿಸುತ್ತದೆ, ನಿಂತವರನ್ನು ಉಳಿಸುತ್ತದೆ. ನಮ್ಮ ಸ್ಕೂಟರಿಗೂ ಷಟರನ್ನು ಒಂದು ಸೆಕೆಂಡು ತೆರೆದಿಟ್ಟರೆ ಅದು ತನ್ನ ಉದ್ದದ ನಾಲ್ಕು ಪಟ್ಟಿನಷ್ಟು ಸರಿದು, ಗೋಡೆಯ ಮುಂದೆ ತೆಳು ಹೊಗೆಯಾಗುತ್ತದೆ.

ಇಂದಿನ ರೆಂಡರುಗಳು ಇದರ ಅರ್ಧವನ್ನು ಮಾತ್ರ ಎರವಲು ಪಡೆದಿವೆ. ಓಡುವವರನ್ನು ಹೊಗೆ ಮಾಡುತ್ತವೆ, ನಿಂತವರನ್ನೂ ತೆಗೆದುಹಾಕುತ್ತವೆ. ಕ್ಯಾಂಪಿನಲ್ಲಿ ರಸ್ತೆಯನ್ನು ನಿಜವಾಗಿ ತುಂಬಿರುವುದು ನಿಂತವರು. ಸರದಿಯಲ್ಲಿರುವವರು, ಗಾಡಿಯಲ್ಲಿ ಮಾರುವವರು, ಗಿರಾಕಿಗೆ ಕಾಯುವ ಆಟೋ, ಫುಟ್‌ಪಾತಿಗೆ ಮೂತಿ ಚಾಚಿದ ಸ್ಕೂಟರುಗಳು. ಹತ್ತು ಸ್ಕೂಟರು ರಸ್ತೆಗೆ ಅಡ್ಡಡ್ಡ ನಿಂತರೆ ಸುಮಾರು ಎಂಟು ಮೀಟರ್ ಉದ್ದದ, ಎರಡು ಮೀಟರಿಗೆ ತುಸು ಕಡಿಮೆ ಅಗಲದ ಪಟ್ಟಿ ಹೋಯಿತು. ಆ ಪಟ್ಟಿಯಿಲ್ಲದ ಚಿತ್ರ ರಸ್ತೆಗೆ ಅಷ್ಟು ಅಗಲವನ್ನು ದಾನ ಮಾಡುತ್ತದೆ. ಹೊಸ ಅಂಗಡಿಗೆ ಬರುವ ಸ್ಕೂಟರುಗಳು ಎಲ್ಲಿ ನಿಲ್ಲುತ್ತವೆ ಎಂಬ ಪ್ರಶ್ನೆ ಚಿತ್ರ ನೋಡಿದವರ ಮನಸ್ಸಿಗೇ ಬರುವುದಿಲ್ಲ.

ಚಿತ್ರ ಮಾಡುವವರ ಉತ್ತರವೂ ಒಂದಿದೆ. ರೆಂಡರು ಫೋಟೋ ಅಲ್ಲ, ಕಟ್ಟಡದತ್ತ ಕಣ್ಣು ಸೆಳೆಯಲು ಜನರನ್ನು ಮಸುಕಾಗಿಸುತ್ತೇವೆ, ಸ್ಕೂಟರು ತುಂಬಿದರೆ ಕಟ್ಟಡ ಕಾಣುವುದೇ ಇಲ್ಲ ಎನ್ನುತ್ತಾರೆ. ಸ್ಪರ್ಧೆಗೆ ಕಳಿಸುವ ಚಿತ್ರಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಅದೇ ಚಿತ್ರ ಕಂಟೋನ್ಮೆಂಟ್ ಬೋರ್ಡಿನ ಮೇಜಿಗೋ ನೆರೆಯ ಅಂಗಡಿಯವರ ಮುಂದಕ್ಕೋ ಹೋದಾಗ ಅದು ಪುರಾವೆಯ ಕೆಲಸ ಮಾಡುತ್ತದೆ. ಕಟ್ಟಡ ನಿಂತ ಮೇಲೂ ಸ್ಕೂಟರುಗಳು ಅದನ್ನು ಮರೆಮಾಡುತ್ತವೆ ಎಂದಾದರೆ, ಅದು ಮೊದಲೇ ಗೊತ್ತಾಗುವುದು ಒಳ್ಳೆಯದು.

ಲಂಡನ್ನಿನಲ್ಲಿ ದೊಡ್ಡ ಕಟ್ಟಡಗಳ ಅರ್ಜಿಗೆ ಜೋಡಿಸುವ ಪರಿಶೀಲಿತ ನೋಟಗಳಲ್ಲಿ ಕ್ಯಾಮೆರಾದ ಜಾಗ, ಎತ್ತರ, ಲೆನ್ಸು ದಾಖಲಾಗಿರುತ್ತವೆ. ನಮ್ಮ ರಸ್ತೆಗಳ ಚಿತ್ರಗಳ ಕೆಳಗೂ ಒಂದು ಸಾಲು ಸಾಕು: ಕ್ಯಾಮೆರಾದ ಎತ್ತರ, ಲೆನ್ಸು, ಷಟರ್, ಮತ್ತು ಯಾವ ದಿನದ ಎಷ್ಟು ಗಂಟೆಯ ಬೀದಿ ಇದು ಎಂಬುದು. ಅಷ್ಟಿದ್ದರೆ ಯಾರು ಬೇಕಾದರೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ಎತ್ತರದಲ್ಲಿ ಫೋನು ಹಿಡಿದು ನಿಂತು ನೋಡಬಹುದು. ಗೆರೆಯ ಮೇಲೆ ಎಷ್ಟು ತಲೆಗಳಿವೆ, ಗೆರೆಯ ಕೆಳಗೆ ಎಷ್ಟು ಸ್ಕೂಟರುಗಳು ನಿಂತಿವೆ ಎಂದು ಎಣಿಸಲು ಭಾಷಾಂತರಕಾರರು ಬೇಕಾಗುವುದಿಲ್ಲ.